ಬಾಗಿಲು ತಿರುಗಿಸಿದ ಶ್ರೀಪತಿಯ ಮತಗಟ್ಟೆ

ಗೆಳೆಯ ಶ್ರೀಪತಿ ತೀರಿಕೊಂಡ ಮೇಲೆ ಅವನ ಬಗ್ಗೆ ಒಳ್ಳೆಯ ಮಾತು ನಾಲ್ಕು ಬರೆಯೆಂದು ಎಲ್ಲರೂ ಹೇಳಿದರು. ಕೂತು ನೋಡಿದೆ, ಆಗಲಿಲ್ಲ. ಎದುರಿಗಿದ್ದಾಗ ನಲವತ್ತು ವರ್ಷ ಬೈದವನನ್ನು ಬೆನ್ನ ಹಿಂದೆ ಹೊಗಳುವುದು ನನಗೆ ಒಗ್ಗದು.

ಅವನು ಹೊಸಪೇಟೆಯ ಕಾಲುವೆ ಕಚೇರಿಯಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಯಾವ ಅರ್ಜಿಗೆ ಯಾವ ದಾಖಲೆ ಲಗತ್ತಿಸಬೇಕೆಂದು ಓಣಿಗೆಲ್ಲ ಉಪದೇಶಿಸುತ್ತಿದ್ದ. ಅವನದು ಮೂಲೆ ಮನೆ. ಮುಂದೆ ದೊಡ್ಡ ರಸ್ತೆ, ಪಕ್ಕಕ್ಕೆ ಸಂದಿ. ನಿವೃತ್ತಿಯಾದ ಮೇಲೆ ಎದೆನೋವು ಶುರುವಾಯಿತು. ಡಾಕ್ಟರು ಎಣ್ಣೆ ತಿಂಡಿ ಬಿಡು ಅಂದರು, ವಾಸ್ತುವಿನವನು ಬಾಗಿಲು ತಿರುಗಿಸು ಅಂದ. ಶ್ರೀಪತಿ ಬಾಗಿಲು ತಿರುಗಿಸಿದ, ಎಣ್ಣೆ ಬಿಡಲಿಲ್ಲ.

ದೊಡ್ಡ ರಸ್ತೆಯ ಬಾಗಿಲಿಗೆ ಗೋಡೆ ಎದ್ದಿತು, ಸಂದಿಗೆ ಹೊಸ ಬಾಗಿಲು ಬಂತು. ಗುಮಾಸ್ತನಲ್ಲವೇ, ನಗರಸಭೆಯಿಂದ ಹೊಸ ಮನೆ ನಂಬರು ತಂದ, ಕರೆಂಟ್ ಬಿಲ್ಲಿನ ವಿಳಾಸ ಬದಲಿಸಿದ, ಮತದಾರರ ಪಟ್ಟಿಗೂ ವಿಳಾಸ ಬದಲಾವಣೆಯ ನಮೂನೆ ಎಂಟು ತುಂಬಿ ಕೊಟ್ಟ. ತನ್ನೊಬ್ಬನ ಹೆಸರಿಗೆ ಮಾತ್ರ. ಯಜಮಾನ ಹೋದಲ್ಲಿಗೆ ಹೆಂಡತಿ ತಾನಾಗಿಯೇ ಬರುತ್ತಾಳೆಂದು ಅವನ ಲೆಕ್ಕ.

ಎರಡು ಸಾವಿರದ ಇಪ್ಪತ್ನಾಲ್ಕರ ಲೋಕಸಭಾ ಚುನಾವಣೆಯ ಮರುದಿನ ಅವನು ಹೃದಯದ ಆಪರೇಷನ್ನಿಗೆ ಹುಬ್ಬಳ್ಳಿಗೆ ಹೊರಡಬೇಕಿತ್ತು. ತಿರುಗಿ ಬರುವ ಭರವಸೆ ಡಾಕ್ಟರು ಕೊಟ್ಟಿರಲಿಲ್ಲ. "ಹೊನ್ನೂರಪ್ಪ, ಇದೊಂದು ಓಟು ಹಾಕಿ ಹೋಗ್ತೀನಲೇ. ಒಂದೂ ತಪ್ಪಿಸಿದವ ಅಲ್ಲ ನಾ" ಅಂದ. ಬಿಸಿಲಿಗೆ ಹೊರಗೆ ಬರಬಾರದೆಂದಿದ್ದರಿಂದ ಸಂಜೆ ಐದು ದಾಟಿದ ಮೇಲೆ ಇಬ್ಬರೂ ಅವನ ಹಳೇ ಮತಗಟ್ಟೆಯಿದ್ದ ಶಾಲೆಗೆ ಹೋದೆವು. ಅವನ ಹೆಂಡತಿ ಗೋದಾಬಾಯಿ ಬೆಳಿಗ್ಗೆಯೇ ಅಲ್ಲಿ ಓಟು ಹಾಕಿ ಬಂದಿದ್ದರು.

ಒಳಗೆ ಪಟ್ಟಿ ಹಿಡಿದ ಅಧಿಕಾರಿ ಎರಡು ಸಲ ಹುಡುಕಿ ತಲೆಯಾಡಿಸಿದರು. "ಈ ಭಾಗದಾಗ ನಿಮ್ಮ ಹೆಸರಿಲ್ರಿ."

ಶ್ರೀಪತಿ ಹೊರಗೆ ಬಂದು ಅಂಗಳದಲ್ಲಿ ಭಾಷಣ ಶುರುಮಾಡಿದ. "ನನ್ನ ಹೆಸರು ತಗದಾರ! ಹೆಂಡ್ತಿದು ಐತಿ, ನಂದಿಲ್ಲ! ಇದು ಪಿತೂರಿ!"

"ಲೇ, ಎದಿ ಹಿಡಕೊಂಡು ಒದರು" ಅಂದೆ.

ಅಂಗಳದ ಸಹಾಯ ಮೇಜಿನಲ್ಲಿ ಕೂತಿದ್ದ ಬಿಎಲ್‌ಒ ಅಂಜಲಿ, ಆ ಭಾಗದ ಪಟ್ಟಿ ನೋಡಿಕೊಳ್ಳುವಾಕೆ, ಬೇಸರದಿಂದ ಕೈ ಚಾಚಿದಳು. "ಪಿತೂರಿ ಆಮ್ಯಾಲೆ ಮಾಡೋಣಂತ್ರಿ. ಮೊದಲು ಕಾರ್ಡ್ ಕೊಡ್ರಿ."

ಕಾರ್ಡಿನ ನಂಬರು ಮೊಬೈಲಿಗೆ ಹಾಕಿ ಹುಡುಕಿದಳು. ಹೆಸರು ಸಿಕ್ಕಿತು. ಕ್ಷೇತ್ರ ಅದೇ. ಭಾಗ ಸಂಖ್ಯೆ ಬೇರೆ, ಕ್ರಮ ಸಂಖ್ಯೆ ಬೇರೆ, ಮತಗಟ್ಟೆಯೂ ಬೇರೆ.

"ನಿಮ್ಮ ಮತಗಟ್ಟಿ ಪಶು ಆಸ್ಪತ್ರ್ಯಾಗ ಬಂದೈತ್ರಿ, ಸರ್."

"ನಾ ಏನ್ ಎತ್ತೇನವಾ?"

"ಅದು ಪಟ್ಟ್ಯಾಗ ಬರದಿಲ್ರಿ. ಮನಿ ಏನಾರ ಬದಲಿ ಮಾಡೀರೇನು?"

"ಎಲ್ಲೀದು! ಹುಟ್ಟಿದ ಮನಿ ಅದು!"

"ಮನಿ ಅಲ್ಲಲೇ, ಬಾಗಿಲ ಬದಲಿ ಮಾಡೀದಿ" ಅಂದೆ. ಸಂದಿಯ ಮನೆಗಳೆಲ್ಲ ಪಕ್ಕದ ಭಾಗಕ್ಕೆ ಸೇರುತ್ತವೆ. ಸರ್ಕಾರ ಅವನ ಅರ್ಜಿಯನ್ನು ಅಕ್ಷರಶಃ ನಂಬಿತ್ತು. ಅದೇ ಗೋಡೆಗಳ ಒಳಗೆ, ಗಂಡ ಸಂದಿಯಲ್ಲಿ, ಹೆಂಡತಿ ದೊಡ್ಡ ರಸ್ತೆಯಲ್ಲಿ.

"ಮನಿಗೆ ಓಟಿನ ಚೀಟಿ ಕೊಟ್ಟಿರಬೇಕಲ್ರಿ, ಆ ಭಾಗದೋರು?" ಅಂಜಲಿ ಕೇಳಿದಳು.

ಶ್ರೀಪತಿ ಕಾರ್ಡ್ ಕಸಿದುಕೊಂಡು ಗೇಟಿನ ಕಡೆ ನಡೆದ. ಆಮೇಲೆ ಗೋದಾಬಾಯಿ ಹೇಳಿದರು: ಚೀಟಿ ಹಂಚುವಾಕೆ ಬಂದಿದ್ದಳಂತೆ. ರಾಹುಕಾಲದಲ್ಲಿ ಹೊಸ ಬಾಗಿಲು ತೆರೆಯುವುದಿಲ್ಲವೆಂದು ಇವನು ಒಳಗಿನಿಂದಲೇ ಕೂಗಿ ಕಳಿಸಿದನಂತೆ.

ಆಟೋ ಹಿಡಿದೆವು. ದಾರಿಯುದ್ದಕ್ಕೂ ಎದೆ ಒತ್ತಿಕೊಂಡೇ ಸರ್ಕಾರವನ್ನು ಬೈದ, ನನ್ನನ್ನು ಬೈದ. ವಾಸ್ತುವಿನವನನ್ನು ಮಾತ್ರ ಬೈಯಲಿಲ್ಲ. ಪಶು ಆಸ್ಪತ್ರೆಯ ಗೇಟಿನೊಳಗೆ ಕಾಲಿಟ್ಟಾಗ ಮತದಾನ ಮುಗಿಯುವ ಆರು ಗಂಟೆಗೆ ಹೆಚ್ಚು ಸಮಯವಿರಲಿಲ್ಲ. ಉದ್ದ ಸಾಲಿತ್ತು, ಸಾಲಿನ ತುದಿಗೆ ನಿಂತ. ಹಿಂದೆ ಯಾರೂ ಬರಲಿಲ್ಲ. ನಾನು ಬೆಳಿಗ್ಗೆಯೇ ಮತ ಹಾಕಿದ್ದೆ, ಗೇಟಿನ ಹೊರಗೇ ನಿಂತು ನೋಡಿದೆ.

ಆರಾದಾಗ ಅಧಿಕಾರಿ ಹೊರಗೆ ಬಂದು ಸಾಲಿನಲ್ಲಿದ್ದವರಿಗೆ ಸಹಿ ಮಾಡಿದ ನಂಬರು ಚೀಟಿ ಹಂಚಿದರು. ಆಮೇಲೆ ಬಂದವರು ನುಸುಳದಂತೆ ಚೀಟಿಯನ್ನು ಹಿಂದಿನಿಂದ ಕೊಡುತ್ತಾ ಬರುವುದು ನಿಯಮ. ಒಂದನೇ ನಂಬರು ಕಟ್ಟಕಡೆಯವನಿಗೆ.

ಕತ್ತಲಾಗುವ ಹೊತ್ತಿಗೆ ಶಾಯಿ ಹಚ್ಚಿದ ಬೆರಳು ಎತ್ತಿಕೊಂಡು ಹೊರಬಂದ. ಬೆವತಿದ್ದ, ಮುಖ ಮಾತ್ರ ಗೆದ್ದ ಅಭ್ಯರ್ಥಿಯದು.

"ಲೇ ಹೊನ್ನೂರ, ನೋಡಿದೇನು? ಅಷ್ಟು ಮಂದ್ಯಾಗ ನನ್ನ ಕರದು ಒಂದನೇ ನಂಬರ್ ಕೊಟ್ರು. ಆಫೀಸರ್‌ಗೆ ಮನುಷ್ಯಾನ್ನ ನೋಡಿದ್ರೆ ಗೊತ್ತಾಗ್ತೈತಿ."

ಬೇರೆ ದಿನವಾಗಿದ್ದರೆ ಬಿಡುತ್ತಿರಲಿಲ್ಲ. ಅವತ್ತು "ಹೌದಲೇ, ಗೊತ್ತಾಗ್ತೈತಿ" ಅಂದೆ.

ಹುಬ್ಬಳ್ಳಿಯಲ್ಲಿ ಆಪರೇಷನ್ ಕೋಣೆಗೆ ಒಯ್ಯುವ ಮುನ್ನ ನರ್ಸಿಗೂ ಅದನ್ನೇ ಹೇಳುತ್ತಿದ್ದನಂತೆ.