ಎಲ್ಲ ಆರಿಸಿದರೂ ಮಿನುಗುವ ಮೀಟರು

ಕೊಳ್ಳೇಗಾಲದಲ್ಲಿ ಮೊದಲ ಸಲ ಬಾಡಿಗೆಗೆ ಬಂದಾಗ, ಕರೆಂಟ್ ಬಿಲ್ ಯಾಕಿಷ್ಟು ಎಂದು ಮನೆ ಓನರನ್ನು ಕೇಳಿದ್ದೆ. "ಓದಿರೋಳು ಅಂತೀಯ, ಒಂದ್ ಬಿಲ್ ನೋಡಕ್ ಬರಕಿಲ್ವಾ ನಿಂಗೆ?" ಎಂದು ಬೀದಿಯವರೆಲ್ಲ ಕೇಳುವಂತೆ ನಕ್ಕಿದ್ದ.

ಬಿಲ್ ಓದುವುದನ್ನು ಕಲಿತೆ. ಆ ಮನೆ ಬಿಡುವ ವಾರ, ಹೊಸ ಬಾಡಿಗೆದಾರರಿಗೆ ಚಿಕ್ಕ ವಿಡಿಯೊ ಮಾಡುತ್ತೇನೆ, ಫೋನ್ ಹಿಡಿದುಕೊಳ್ಳಿ ಎಂದು ಅವನನ್ನೇ ಕರೆದೆ. ಪಕ್ಕದಲ್ಲೇ ಇದ್ದ ಅವನ ಮನೆಯ ನೀರಿನ ಮೋಟರು ಓಡುವ ಹೊತ್ತು ನೋಡಿಕೊಂಡೇ ಕರೆದೆ. ತನ್ನ ಬಾಡಿಗೆ ಮನೆಗೆ ಪ್ರಚಾರವೆಂದು ಹಿಗ್ಗುತ್ತಾ ಬಂದ. ನಾನು ಮೀಟರಿನ ಪಕ್ಕ ನಿಂತು ಹೇಳತೊಡಗಿದೆ:

"ಬಿಲ್ಲಿನಲ್ಲಿರುವ ಮೀಟರ್ ನಂಬರು ನಿಮ್ಮ ಮೀಟರಿನದೇ ಎಂದು ಮೊದಲು ನೋಡಿ. ಈಗಿನ ರೀಡಿಂಗಿನಲ್ಲಿ ಹಿಂದಿನದನ್ನು ಕಳೆದರೆ ನೀವು ಬಳಸಿದ ಯೂನಿಟ್ ಸಿಗುತ್ತದೆ. ಅದು ಹೆಚ್ಚೆನಿಸಿದರೆ ಫ್ರಿಡ್ಜೂ ಸೇರಿ ಎಲ್ಲ ಆರಿಸಿ, ಮೀಟರಿನ ಕೆಂಪು ದೀಪ ನೋಡಿ. ಆಗಲೂ ಮಿನುಗುತ್ತಿದ್ದರೆ ನಿಮ್ಮ ಮೀಟರಿನಿಂದ ಬೇರೆ ಯಾರೋ ಕರೆಂಟ್ ಎಳೆಯುತ್ತಿರಬಹುದು."

ಹೇಳಿ, ಎಲ್ಲ ಆರಿಸಿದೆ. ದೀಪ ಮಿನುಗುತ್ತಲೇ ಇತ್ತು.

ಫೋನ್ ಹಿಡಿದಿದ್ದವನು ಗಾಬರಿಯಲ್ಲಿ ಹೆಂಡತಿಯನ್ನು ಕೂಗಿದ: "ಲೇ, ನಮ್ ಮೋಟ್ರು ಆಫ್ ಮಾಡಮ್ಮಿ, ಬಿರ್ರನೆ!"

ಮೋಟರು ನಿಂತಿತು. ದೀಪ ಮಿನುಗುವುದೂ ನಿಂತಿತು.

ಆ ಕೂಗನ್ನು ಕತ್ತರಿಸದೆ ವಿಡಿಯೊವನ್ನು ಬೀದಿಯ ವಾಟ್ಸಾಪ್ ಗ್ರೂಪಿಗೇ ಹಾಕಿದೆ. ಬೀದಿಯವರೆಲ್ಲ ಕೇಳಲಿ ಎಂದೇ.