ಸುಲಭ ಪ್ರಶ್ನೆಗೆ ಐದು ಅಂಕ

ಮದುವೆಯಾಗಿ ಗಂಡನ ಊರು ಜುಗೂಳಕ್ಕೆ ಬಂದ ವರ್ಷವೇ ನನಗೆ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು. ಸುತ್ತಲಿನ ಶಾಲೆಗಳ ಸಾಮಾನ್ಯಜ್ಞಾನ ಸ್ಪರ್ಧೆಗೆ ಪ್ರಶ್ನೆ ತೆಗೆಯಲು ನಾನೇ ಹಟ ಹಿಡಿದೆ. ಹೆಡ್‌ಮಾಸ್ತರರು ಒಲ್ಲದ ಮನಸ್ಸಿನಿಂದ ಒಪ್ಪಿದರು.

"ನೋಡ್ರಿ ಅಕ್ಕೋರ, ಚಲೋ ಆದ್ರ ವರ್ಷಾ ವರ್ಷಾ ಈ ಕೆಲಸಾ ನಿಮಗ. ಕೆಟ್ಟರ ಮುಂದ ಕೇಳಬ್ಯಾಡ್ರಿ."

ಸುಲಭಕ್ಕೆ ಐದು ಅಂಕ, ಮಧ್ಯಮಕ್ಕೆ ಹತ್ತು, ಕಠಿಣಕ್ಕೆ ಹದಿನೈದು. ಆದರೆ ಯಾವುದು ಸುಲಭ, ಯಾವುದು ಕಠಿಣ? ಪ್ರಶ್ನೆ ತೆಗೆದವಳಿಗೆ ಎಲ್ಲವೂ ಸುಲಭವೇ! ಅದಕ್ಕೆ ದ್ರಾಕ್ಷಿ ತೋಟದಿಂದ ಬಂದ ಗಂಡನನ್ನು ಸಂಜೆ ಚಹಾದ ಹೊತ್ತಿಗೆ ಹಿಡಿದು ಕೂರಿಸಿದೆ. ತಟ್ಟನೆ ಹೇಳಿದರೆ ಸುಲಭ, ತಲೆ ಕೆರೆದು ಹೇಳಿದರೆ ಮಧ್ಯಮ, ಕೈ ಚೆಲ್ಲಿದರೆ ಕಠಿಣ. ಪ್ರಶ್ನೆಗಳು ವಹಿಯ ಮುಂದಿನ ಹಾಳೆಗಳಲ್ಲಿ, ಉತ್ತರಗಳು ಬರೀ ನಂಬರ್ ಹಾಕಿ ಕೊನೆಯ ಹಾಳೆಯಲ್ಲಿ.

ಮೊದಲ ದಿನ ಬರೀ ಕೈ ಚೆಲ್ಲಿದರು. ಎರಡನೇ ದಿನದಿಂದ ಏನಾಯಿತೋ!

"ಏಳನೇದು. ರಕ್ತ ಹೆಪ್ಪುಗಟ್ಟಾಕ ಬೇಕಾದ ವಿಟಮಿನ್ ಯಾವುದ್ರಿ?"

"ಕೆ!"

ಅಬ್ಬಬ್ಬಾ, ಎಂಥ ಗಂಡನನ್ನು ಪಡೆದೆ ಎಂದು ಉಬ್ಬಿಹೋದೆ. ಉಳಿದ ಪ್ರಶ್ನೆಗಳೆಲ್ಲ ಸುಲಭದ ಪಾಲಾದವು. ಕಡೆಗೆ ಗುಂಪು ಮಾಡಿ, ಹೊಸ ನಂಬರ್ ಹಾಕಿ, ಎಲ್ಲವನ್ನೂ ಹೊಸ ಹಾಳೆಗಳಿಗೆ ಇಳಿಸಿದೆ.

ಸ್ಪರ್ಧೆಯ ದಿನ ಸುಲಭದ ಸುತ್ತಿನಲ್ಲೇ ಮಕ್ಕಳು ಕಣ್ಣು ಕಣ್ಣು ಬಿಟ್ಟವು. ಕರಿಹಲಗೆಯ ಮೇಲೆ ಎಲ್ಲ ತಂಡಗಳ ಮುಂದೆಯೂ ಸೊನ್ನೆ. ಹೆಡ್‌ಮಾಸ್ತರರ ನೋಟ ತಪ್ಪಿಸಿ ಮುಂದಿನ ಪ್ರಶ್ನೆ ಓದಿದೆ.

"ಏಳನೇ ಪ್ರಶ್ನೆ. ಒಣ ಮಂಜುಗಡ್ಡೆ ಯಾವ ಅನಿಲದ ಘನರೂಪ?"

ಯಾವ ತಂಡವೂ ಬಾಯಿ ಬಿಡಲಿಲ್ಲ. ಅಂಥ ಪ್ರಶ್ನೆ ಸಭಿಕರಿಗೆ ಹೋಗಬೇಕೆಂಬುದು ನಿಯಮ. ಹಿಂದಿನ ಸಾಲಿನಲ್ಲಿ ನನ್ನ ಗಂಡ ಅಂಗಿ ಕೊಡವಿ ಎದ್ದು ನಿಂತರು.

"ವಿಟಮಿನ್ ಕೆ!"

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನಗೆ ಎಲ್ಲ ತಿಳಿಯಿತು. ಮಹಾರಾಯರು ವಹಿಯ ಕೊನೆಯ ಹಾಳೆಯ ಉತ್ತರಗಳನ್ನು ಹಳೆಯ ನಂಬರ್ ಸಮೇತ ಬಾಯಿಪಾಠ ಮಾಡಿದ್ದರು. ಹೆಡ್‌ಮಾಸ್ತರರು ಮಾತ್ರ ನಗಲಿಲ್ಲ. ಮುಂದಿನ ವರ್ಷದ ಪ್ರಶ್ನೆಗಳನ್ನು ಬೇರೆಯವರಿಗೆ ಕೊಡುವುದಾಗಿ ಅಲ್ಲೇ ಹೇಳಿಬಿಟ್ಟರು.

ಮನೆಗೆ ಹೋಗುವಾಗ ಮೋಟಾರ್‌ಸೈಕಲ್ಲಿನ ಹಿಂದೆ ಕೂತು ಸಿಟ್ಟಿನಿಂದ ಕುದಿಯುತ್ತಿದ್ದೆ.

"ಗೊತ್ತಿಲ್ಲ ಅಂದಿದ್ರ ನಿಮ್ಮ ಗಂಟೇನ ಹೋಗ್ತಿತ್ರಿ? ನನ್ನ ಮಾನಾನ ಕಳದ್ರಲ್ಲ!"

ಅವರು ಗಾಡಿಯನ್ನು ಕಬ್ಬಿನ ಹೊಲದ ಬದಿಗೆ ನಿಲ್ಲಿಸಿದರು.

"ಮೊದಲನೇ ದಿನ ಎಲ್ಲಾ ಗೊತ್ತಿಲ್ಲ ಅಂದ್ನೆಲ್ಲ, ನೀ ಲಗೂನ ವಹಿ ಮುಚ್ಚಿ ಎದ್ದ ಹೋದಿ. ಮನ್ಯಾಗ ಇಷ್ಟ ಮಂದಿ. ನೀ ನನ್ನ ಮುಂದ ಕುಂತು ಮಾತಾಡೂದು ಅದೊಂದ ಹೊತ್ತ. ಉತ್ತರಾ ಹೇಳಿದ್ರ ಇನ್ನೊಂದ ಪ್ರಶ್ನೆ ಕೇಳ್ತಿ ಅಂತ..."

ನಾನು ಚೀಲದಿಂದ ವಹಿ ತೆಗೆದು ಅವರಿಗೆ ಇನ್ನೊಂದು ಪ್ರಶ್ನೆ ಕೇಳಿದೆ.