ಮೂರನೆಯ ಪ್ರಶ್ನೆಯ ಮುಂದೆ ಒಂದು ಸೊನ್ನೆ

ಕೊಳ್ಳೇಗಾಲ ಆಗ ಮದರಾಸು ರಾಜ್ಯಕ್ಕೆ ಸೇರಿತ್ತು. ನಾನು ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಐದನೇ ತರಗತಿಯಲ್ಲಿದ್ದೆ. ತರಬೇತಿ ಮುಗಿಸಿ ಹೊಸದಾಗಿ ಬಂದಿದ್ದ ಟೀಚರ್, ಪ್ರಬಂಧಗಳನ್ನು ಮೊದಲು ನಾವೇ ಒಬ್ಬರದನ್ನೊಬ್ಬರು ನೋಡಬೇಕು ಎಂದರು. ಬೋರ್ಡಿನ ಮೇಲೆ ನಾಲ್ಕು ಪ್ರಶ್ನೆ ಬರೆದರು: ವಿಷಯ ಬಿಟ್ಟು ಹೋಗಿಲ್ಲವೇ? ನಡೆದದ್ದು ಕ್ರಮವಾಗಿ ಬಂದಿದೆಯೇ? ಓದುವವರಿಗೆ ಬೇಕಾದದ್ದೆಲ್ಲ ಬಂದಿದೆಯೇ? ವಾಕ್ಯದ ಕೊನೆಗೆ ಚುಕ್ಕೆ ಇದೆಯೇ?

"ಸರಿಯಿದ್ರೆ ಪೆನ್ಸಿಲಿನಲ್ಲಿ ರೈಟು, ಇಲ್ದಿದ್ರೆ ಸೊನ್ನೆ. ಸೊನ್ನೆ ಹಾಕಿದೋರು ಯಾಕೆ ಅಂತ ಬರೀಬೇಕು. ಮೆಚ್ಚಿಗೆಯಾದ್ದೂ ಒಂದು ಹೇಳ್ಬೇಕು. ಮಾರ್ಕು ಯಾರೂ ಕೊಡೋ ಹಾಗಿಲ್ಲ."

ಹಿಂದಿನ ವರ್ಷ ಅವ್ವ ನನ್ನನ್ನು ಕರೆದುಕೊಂಡು ಅಜ್ಜೀಪುರದಿಂದ ಕೊಳ್ಳೇಗಾಲಕ್ಕೆ ಬಂದ ಗಾಡಿ ಪ್ರಯಾಣವನ್ನೇ, ನಡುದಾರಿಯಲ್ಲಿ ಎತ್ತು ನಿಂತುಬಿಟ್ಟದ್ದನ್ನೂ ಸೇರಿಸಿ, ನಾನು ಬರೆದಿದ್ದೆ. ಪಕ್ಕದ ಗೆಳತಿ ರೇಷ್ಮೆಗೂಡಿನ ವ್ಯಾಪಾರಿಯ ಮಗಳು. ಅವಳು ಓದುವಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅವಳ ಪೆನ್ಸಿಲ್ ಎಲ್ಲಿ ನಿಂತಿತು, ಎಲ್ಲಿ ಸರಿಯಿತು ಎಂದು ಕತ್ತು ಚಾಚಿ ನೋಡುತ್ತಿದ್ದೆ. ಮೂರನೆಯದರ ಮುಂದೆ ಸೊನ್ನೆ. "ಎತ್ತು ನಿಂತ್ಕಂಡದ್ದು ಚಂದಾಗದೆ. ಆದ್ರೆ ಯಾಕೆ ಊರು ಬುಟ್ರಿ ಅಂತ ಬರ್ದಿಲ್ಲ" ಎಂದು ಕೆಳಗೆ ಬರೆದಿದ್ದಳು.

"ಅದ್ಯಾಕೆ ನಿಂಗೆ?" ಎಂದು ರೇಗಿದೆ.

"ಓದ್ತಾ ಇದ್ರೆ ಅದೇ ಕೇಳ್ಬೇಕು ಅನ್ಸದೆ ಕಣೇ."

ಟೀಚರ್ ಇಬ್ಬರ ಮಾತನ್ನೂ ಕೇಳಿಸಿಕೊಂಡರು. "ಬರೆದವಳು ನೀನು. ಸೇರಿಸೋದು ಬಿಡೋದು ನಿನಗೇ ಬಿಟ್ಟದ್ದು. ಯೋಚನೆ ಮಾತ್ರ ಮಾಡು."

ಊರು ಬಿಟ್ಟದ್ದೇಕೆಂದು ನನಗೇ ಗೊತ್ತಿರಲಿಲ್ಲ. ಸಂಜೆ ಅವ್ವ ರೇಷ್ಮೆ ಬಿಚ್ಚುವ ಕೆಲಸ ಮುಗಿಸಿ ಬಂದು ಬಿಸಿನೀರಲ್ಲಿ ಬೆಂದ ಬೆರಳಿಗೆ ಎಣ್ಣೆ ಹಚ್ಚುತ್ತಿದ್ದಳು. ಕೇಳಿಯೇ ಬಿಟ್ಟೆ.

"ನಿಮ್ಮಪ್ಪ ತೀರ್ಕಂಡ್ಮೇಲೆ ನಿಮ್ ದೊಡ್ಡಪ್ಪ ನಿಂಗೆ ಗಂಡು ಗೊತ್ತು ಮಾಡಿದ್ರು. ನಾನು ಒಲ್ಲೆ ಅಂದೆ."

"ಬರೀಲಾ ಅವ್ವ?"

"ಬರಿ. ನಾನೇನ್ ಕದ್ದು ಬಂದ್ನಾ?"

ಮರುದಿನ ತಿದ್ದಿದ ಪ್ರಬಂಧ ಗೆಳತಿಯ ಕೈಗೆ ಹೋಯಿತು. ಓದಿ ಮುಗಿಸಿದರೂ ಪೆನ್ಸಿಲ್ ಎತ್ತಲಿಲ್ಲ. ಹೊರಗೆ ಬಿಡುವಿನ ಗಂಟೆ ಹೊಡೆಯಿತು. ಸೊನ್ನೆ ಅಳಿಸಿ ರೈಟು ಹಾಕಿ, ನನ್ನ ಕಿವಿಯ ಬಳಿ ಬಂದಳು. "ನಮ್ಮನೇಲೂ ಮಾತಾಡ್ತಾವ್ರೆ ಕಣೇ. ಬ್ಯಾಸ್ಗೇಲಿ ನಂಗೆ ಮದ್ವೆ ಅಂತೆ. ನಮ್ಮವ್ವನ್ ಕುಟೆ ಮಾತಾಡಕ್ಕೆ ನಿಮ್ಮವ್ವನ್ನ ಒಂದ್ಸಲ ಕಳಿಸ್ತೀಯಾ?"

ಅಂಥ ಸಾಹುಕಾರರ ಮನೆಗೆ ಹೋಗಲು ಅವ್ವ ಅಳುಕಿದಳು. ಎರಡು ದಿನ ಒಳಗೂ ಹೊರಗೂ ಓಡಾಡಿದಳು. ಭಾನುವಾರ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಅವರ ಮನೆಯ ಹಿತ್ತಲ ಬಾಗಿಲಿಂದ ಒಳಗೆ ಹೋದಳು. ಗೆಳತಿಯ ತಾಯಿಯೊಂದಿಗೆ ಏನು ಮಾತಾಡಿದಳೋ, ನನಗೆ ಹೇಳಲಿಲ್ಲ. ಬಂದವಳೇ ಒಂದು ಚೊಂಬು ನೀರು ಕುಡಿದಳು.

ಬೇಸಿಗೆ ರಜೆಯೆಲ್ಲ ನಾನು ಗೆಳತಿಯ ಬೀದಿಯಿಂದ ಮದುವೆಯ ಓಲಗ ಕೇಳೀತೇನೋ ಎಂದು ಕಿವಿಗೊಟ್ಟೇ ಕಳೆದೆ. ಶಾಲೆ ತೆರೆದ ದಿನ ಗೆಳತಿ ತಾಳಿಯಿಲ್ಲದ ಬರಿಗೊರಳಲ್ಲಿ ಬಂದು, ನನ್ನನ್ನು ಸರಿಸಿ, ಬೆಂಚಿನ ತುದಿಯಲ್ಲಿ ಕೂತಳು.